ಯಾವ ಟೇಪ್ ಎಂದು ಬರೆಯದ ಪುಟ

ಆ ರಾತ್ರಿ ನಾನು ಅಲ್ಲಿರಲಿಲ್ಲ. ಆದರೂ ಯಂತ್ರದ ಕೋಣೆಯ ತಂಪು, ಆ ಇಂಜಿನಿಯರ್ ಹುಡುಗನ ಸ್ವೆಟರಿನ ಹರಿದ ತೋಳು ಎಲ್ಲ ಕಂಡಂತೆ ನೆನಪಾಗುತ್ತದೆ. ಸ್ವೆಟರು ನಾನು ಆಮೇಲೆ ಸೇರಿಸಿದ್ದಿರಬೇಕು. ನನಗೆ ಖಚಿತವಾಗಿ ಗೊತ್ತಿರುವುದು ಒಂದು ಪುಟ ಮಾತ್ರ. ಅದನ್ನು ಬರೆದವನು ನಾನೇ.

ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನ ಒಂದು ಗಣಕ ಕೇಂದ್ರದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಬಾವಿಗಳ ಡೇಟಾಬೇಸ್ ಕಟ್ಟುತ್ತಿದ್ದೆವು. ಯಾರ ಹೊಲದ ಬಾವಿ, ಎಷ್ಟು ಆಳ, ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ. ನಾನು ಅದೇ ಮುದ್ದೇಬಿಹಾಳದ ನಾಲತವಾಡದ ಕಡೆಯವನು. ರಾತ್ರಿ ಕರೆ ಬಂದರೆ ಓಡಬೇಕಾದ ಇಂಜಿನಿಯರ್ ಇಂಡಿ ಕಡೆಯ ಝಳಕಿಯವನು, ನನಗಿಂತ ಚಿಕ್ಕವನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಬಾವಿಗಳ ಲೆಕ್ಕವೆಲ್ಲ ಯಂತ್ರದ ಡಿಸ್ಕಿನಲ್ಲಿರುತ್ತಿತ್ತು, ದಿನಾ ಅದರ ಒಂದು ನಕಲನ್ನು ಟೇಪಿಗೆ ಇಳಿಸಿಡುತ್ತಿದ್ದೆವು. ಡಿಸ್ಕ್ ಕೆಟ್ಟರೆ ಏನು ಮಾಡಬೇಕೆಂಬ ಪುಸ್ತಕ ಬರೆಯಲು ಕೇಂದ್ರದ ಸಾಹೇಬರು ನನಗೆ ಹೇಳಿದರು. ಝಳಕಿಯವನು ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದ.

"ಅಣ್ಣಾ, ನಿದ್ದಿಗಣ್ಣಾಗ ಓದಿದ್ರೂ ತಿಳೀಬೇಕ್ರಿ ಇದು. ನಮ್ಮವ್ವ ಓದಿದ್ರೂ ಮಾಡೂ ಹಂಗ ಇರ್ಬೇಕು."

"ಹಂಗಾದ್ರ ನಿಮ್ಮವ್ವನ್ನ ಕರಸು. ನಿನಗಿಂತ ಶಾಣ್ಯಾಕಿ ಇರ್ತಾಳ."

"ಆಕಿ ಬಂದ್ರ ನಿಮ್ಮ ನೌಕರೀನೂ ಹೋಗ್ತೈತಿ, ನೋಡ್ರಿ ಮತ್ತ."

ನಗುತ್ತಲೇ ಮೊದಲ ಪುಟದ ಮೇಲೆ ಬರೆದೆ: ಬರೆದಷ್ಟನ್ನೇ ಮಾಡಿ, ಸ್ವಂತ ಯೋಚನೆ ಬೇಡ.

ಮೂರನೇ ಹೆಜ್ಜೆ: ನಿನ್ನೆಯ ಟೇಪನ್ನು ಬೀರುವಿನಿಂದ ತನ್ನಿ. ನಾಲ್ಕನೇ ಹೆಜ್ಜೆ: ಟೇಪ್ ಏರಿಸಿ, ಡಿಸ್ಕಿನಲ್ಲಿ ಈಗ ಇರುವುದನ್ನು ನಕಲು ಮಾಡಿ. ಕೆಟ್ಟದ್ದನ್ನೂ ಒಮ್ಮೆ ಎತ್ತಿಡುವುದು ಕ್ರಮ, ಮುಂದೇನಾದರೂ ತಪ್ಪಿದರೆ ಅಲ್ಲಿಗಾದರೂ ಮರಳಬಹುದು. ಐದನೆಯದು: ನಿನ್ನೆಯ ಟೇಪಿನಿಂದ ಡಿಸ್ಕಿಗೆ ಮರಳಿ ತುಂಬಿ. ಆರನೆಯದು: ಬಾವಿಗಳ ಸಂಖ್ಯೆ ರಿಜಿಸ್ಟರಿಗೆ ತಾಳೆ ನೋಡಿ. ನಾಲ್ಕರಲ್ಲಿ ಏರಿಸಬೇಕಾದದ್ದು ಖಾಲಿ ಟೇಪ್. ಅದು ನನಗೆ ಎಷ್ಟು ಗೊತ್ತಿತ್ತೆಂದರೆ ಬರೆಯಲೇ ಇಲ್ಲ.

ಇನ್ನೊಂದಿದೆ. ಟೇಪಿನ ಸುರುಳಿಯ ಹಿಂಬದಿಗೆ ಬಳೆಯಂಥ ಪ್ಲಾಸ್ಟಿಕ್ ರಿಂಗ್ ಇರುತ್ತಿತ್ತು. ರಿಂಗ್ ಇದ್ದರೆ ಯಂತ್ರ ಟೇಪಿನ ಮೇಲೆ ಬರೆಯುತ್ತದೆ, ತೆಗೆದರೆ ಓದುತ್ತದೆ ಅಷ್ಟೇ. ನಕಲು ಮುಗಿದ ಮೇಲೆ ತೆಗೆದಿಡಬೇಕು. ಮುಂದಿನ ಸರದಿಗೆ ಮತ್ತೆ ಹುಡುಕುವ ಕಾಟ ಯಾಕೆಂದು ನಾವು ಹಾಗೇ ಬಿಡುತ್ತಿದ್ದೆವು. 'ನಾವು' ಎಂದು ಬರೆದೆ. ಇಲ್ಲ, ಆ ರೂಢಿ ಶುರುಮಾಡಿದ್ದು ನಾನು.

ಆ ರಾತ್ರಿ ಯಂತ್ರ ಸಿಂದಗಿಯ ಬಾವಿಗಳ ತೂತು ಹೊಡೆದ ಕಾರ್ಡುಗಳನ್ನು ಓದಿ ಸೇರಿಸುತ್ತಿರುವಾಗ ಡಿಸ್ಕ್ ನಡುವೆಯೇ ನಿಂತು, ಅದರಲ್ಲಿದ್ದ ಲೆಕ್ಕ ಅರ್ಧ ಕೆಟ್ಟಿತು. ಕಾವಲುಗಾರ ಅವನನ್ನು ಎಬ್ಬಿಸಿದ. ಅವನು ಪುಸ್ತಕ ತೆರೆದು ಬೆರಳಿಟ್ಟು ಓದಿದ. ಮೂರರಲ್ಲಿ ತಂದ ಟೇಪ್ ಕೈಯಲ್ಲೇ ಇತ್ತು, ನಾಲ್ಕರಲ್ಲಿ ಅದನ್ನೇ ಏರಿಸಿದ. ರಿಂಗ್ ಇದ್ದುದರಿಂದ ಯಂತ್ರ ತಡೆಯಲಿಲ್ಲ. ಇದ್ದ ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದು ಬರೆದುಹೋಯಿತು. ಐದರಲ್ಲಿ ಅದೇ ಕೆಟ್ಟದ್ದು ಮರಳಿ ಬಂತು. ಆರರಲ್ಲಿ ಎಣಿಸಿದಾಗ ಸಿಂದಗಿಯ ಬಾವಿಗಳು ಮತ್ತೆ ಅರ್ಧಕ್ಕೇ ನಿಂತವು.

ಬೆಳಿಗ್ಗೆ ಸಾಹೇಬರು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿದರು. ಅವರು ಮೈಸೂರು ಕಡೆಯವರು.

"ರಿಂಗ್ ತೆಗೀದೇ ಇಟ್ಟಿದ್ದು ಯಾರ್ರೀ? ಖಾಲಿ ಟೇಪ್ ಹಾಕ್ಬೇಕು ಅಂತ ಗೊತ್ತಾಗಲ್ವಾ ನಿಮಗೆ?"

"ಪುಸ್ತಕದಾಗ ಬರದಂಗ ಮಾಡೇನ್ರಿ ಸಾಹೇಬ್ರ," ಎಂದ ಅವನು. ಆಮೇಲೆ ನನ್ನ ಕಡೆ ನೋಡಿದನೋ ಇಲ್ಲವೋ. ನೋಡಿದ ಎಂದುಕೊಂಡರೆ ನನಗೆ ಹೆಚ್ಚು ನೋಯುತ್ತದೆ, ಅದಕ್ಕೇ ಆ ನೆನಪನ್ನು ನಂಬಲಾರೆ. ನಾನು ಏನು ಹೇಳಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ:

"ಇಂಜಿನಿಯರ್ ಆದವರಿಗೆ ಅಷ್ಟು ಗೊತ್ತಿರುತ್ತೆ ಅಂತ ಬರೀಲಿಲ್ಲ ಸಾರ್."

ಸಾಹೇಬರ ಮುಂದೆ ನಾನು ಅವರ ಕನ್ನಡ ಆಡುತ್ತಿದ್ದೆ.

ಒಂದು ವಾರದಷ್ಟು ಹಳೆಯ ಟೇಪೊಂದು ಬೇರೆ ಕಟ್ಟಡದಲ್ಲಿತ್ತು. ಅದನ್ನು ತುಂಬಿ, ಆ ವಾರದ ಕಾರ್ಡುಗಳನ್ನು ಡಬ್ಬಿಗಳಿಂದ ತೆಗೆದು ಮತ್ತೆ ಓದಿಸಿದೆವು. ಬಾವಿಗಳೆಲ್ಲ ಮರಳಿದವು. ಅವನ ಕೆಲಸ ಕಾಯಂ ಆಗಲಿಲ್ಲ.

ಹೊರಡುವ ದಿನ ಟ್ರಂಕಿನ ಮೇಲೆ ಕುಳಿತು ಬೀಡಿ ಹಚ್ಚಿದ.

"ಏನರ ಹೇಳೂದು ಐತೇನು ತಮ್ಮಾ?" ಎಂದೆ. ಬೈಯಲಿ ಎಂದು ಕಾದೆ.

"ಐತ್ರಿ. ನಾಕನೇದ್ರಾಗ ಟೇಪ್ ಅಂತಷ್ಟ ಬರೀಬ್ಯಾಡ್ರಿ. ಯಾವ ಟೇಪ್ ಅಂತ ಬರೀರಿ. ರಿಂಗಿನ ಮಾತು ಅದಕ್ಕಿಂತ ಮೊದಲ ಬರ್ಲಿ. ಮುಂದ ಬರಾಂವ್ಗೂ ನಿದ್ದಿ ಇರ್ತೈತಿ."

ಮರುದಿನ ಆ ಪುಟವನ್ನು ಹೊಸದಾಗಿ ಟೈಪ್ ಮಾಡಿಸಿದೆ: 'ನಿನ್ನೆಯ ಟೇಪಿನ ರಿಂಗ್ ತೆಗೆದು, ಆ ಟೇಪನ್ನು ಮೇಜಿನ ಮೇಲಿಡಿ. ಈಗ "ಖಾಲಿ" ಎಂಬ ಚೀಟಿ ಇರುವ ಬೇರೆ ಟೇಪ್ ಏರಿಸಿ.' ಸಾಹೇಬರು ಓದಿ, ಇಷ್ಟು ಸ್ಪಷ್ಟವಾಗಿ ಬರೆಯುವವರು ಬೇಕು ನೋಡಿ ಎಂದು ನನ್ನ ಬೆನ್ನು ತಟ್ಟಿದರು. ಯಾರ ಮಾತು ಅದು ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ.