ಸೋಸದೆ ಸುರಿದ ಪೆಟ್ರೋಲು

ಕತ್ರಿಗುಪ್ಪೆಯ ಮದುವೆಮನೆಗೆ ನಾನೂ ಅಣ್ಣನೂ ನಮ್ಮ ಅಂಗಡಿ ಮಾಲೀಕರ ಜೊತೆ ಅವರ ಮೈಕ್‌ಸೆಟ್ಟು, ಪೆಟ್ರೋಲ್ ಜನರೇಟರು ಒಯ್ದಿದ್ದೆವು. ತಗಡಿನ ಡಬ್ಬದ ಪೆಟ್ರೋಲನ್ನು ಹಳೆ ಪಂಚೆಯಲ್ಲಿ ಸೋಸಿ ಹಾಕುವುದು ನನ್ನ ಕೆಲಸ. ಅವಸರದಲ್ಲಿ ಸೋಸಲಿಲ್ಲ. ಮುಹೂರ್ತದ ಹೊತ್ತಿಗೆ ಹೊಸದಾಗಿ ಒಂದು ದೀಪವನ್ನೂ ಹಾಕದಿದ್ದರೂ ಇಂಜಿನ್ನಿನ ವೇಗ ಒಮ್ಮೆ ಏರಿ ಒಮ್ಮೆ ಇಳಿಯತೊಡಗಿತು.

“ಗವರ್ನರ್ ಸ್ಪ್ರಿಂಗ್ ತಿರುವಿ ಕೆಡಿಸಿದ್ಯೇನೋ?” ಮಾಲೀಕರು ಅಣ್ಣನ ಮೇಲೆ ಕೂಗಾಡಿದರು. ಇಂಜಿನ್ನಿನ ವೇಗ ಹತೋಟಿಯಲ್ಲಿಡುವ ಆ ಭಾಗ ಅಣ್ಣನ ಜವಾಬ್ದಾರಿ.

“ಮುಟ್ಟೇ ಇಲ್ಲ ಸಾರ್!”

ಸುತ್ತ ಜನ. ಸೋಸಲಿಲ್ಲವೆಂದು ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಅಣ್ಣನ ಕೆಲಸ ಹೋಯಿತು.

ಮರುದಿನ ಕಾರ್ಬ್ಯುರೇಟರ್ ಬಿಚ್ಚಿದೆ. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿನಲ್ಲಿ ಡಬ್ಬದ ತುಕ್ಕು ಸಿಕ್ಕಿಕೊಂಡಿತ್ತು. ಪೆಟ್ರೋಲ್ ಸಾಲದೆ ಇಂಜಿನ್ ಇಳಿದಾಗಲೆಲ್ಲ ಗವರ್ನರ್ ಮತ್ತೆ ಏರಿಸುತ್ತಿತ್ತು, ಅಷ್ಟೆ. ಮಾಲೀಕರು ಬರುವ ಮೊದಲೇ ಊದಿ ತೆಗೆದೆ; ಇಂಜಿನ್ ಸಮವಾಗಿ ಓಡಿತು. ಮಾಲೀಕರು ಬೆನ್ನು ತಟ್ಟಿ ಅಣ್ಣನ ಜಾಗವನ್ನು ನನಗೆ ಕೊಟ್ಟರು. ಬೇಡವೆನ್ನಲಿಲ್ಲ.