ಕಾಲರಿನ ಹಳದಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಬಿಳಿಯಕ್ಕ ಎನ್ನುತ್ತಿದ್ದರು. ಬಣ್ಣದಲ್ಲಿ ಅವಳು ಕಪ್ಪೇ. ಬಿಳಿ ಶರ್ಟಿನ ಕಾಲರು, ಕಂಕುಳಲ್ಲಿ ಕೂತ ಬೆವರಿನ ಹಳದಿಯನ್ನು ಬಟ್ಟೆ ಸವೆಯದಂತೆ ತೆಗೆಯಬಲ್ಲವಳು ಅವಳೊಬ್ಬಳೇ ಎಂದು ಆ ಹೆಸರು.

"ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ, ಬೆವರಿನ ಕಲೆ ಇನ್ನೂ ಹಳದಿಯಾಗತ್ತೆ, ನೂಲು ಪಿಸಿಯತ್ತೆ" ಎಂದು ಹೊಸಬರಿಗೆ ಗದರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಸಿಗುವ, ಗಾಯ ತೊಳೆಯುವ ಪೆರಾಕ್ಸೈಡಿಗೆ ಅಡುಗೆ ಸೋಡಾ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸೇರಿಸಿ ಕಲೆಗೆ ಹಚ್ಚುವಳು. ಅರ್ಧ ಗಂಟೆ ಬಿಟ್ಟು ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ, ಉಗುರುಬೆಚ್ಚಗಿನ ನೀರಲ್ಲಿ ಜಾಲಿಸುವಳು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ತಾಗಿಸುತ್ತಿರಲಿಲ್ಲ. ಬಿಸಿ ತಾಗಿದರೆ ಕಲೆ ಅಲ್ಲೇ ಬೇರೂರುತ್ತದೆ.

ಅವಳ ಗಂಡ ಹೋಟೆಲಿನಲ್ಲಿ ಊಟ ಬಡಿಸುವವನು. ಇದ್ದದ್ದು ಮೂರು ಬಿಳಿ ಶರ್ಟು. ಮೊದಲು ವಾರಕ್ಕೊಮ್ಮೆ ಹೀಗೆ ತೊಳೆದರೆ ಸಾಕಿತ್ತು. ಆಮೇಲೆ ಎರಡು ದಿನಕ್ಕೊಮ್ಮೆ. ಕೊನೆಗೆ ಒಂದೇ ದಿನ ಹಾಕಿದ ಶರ್ಟಿನ ಕಾಲರಿನಲ್ಲೂ ಹಳದಿ ಗೆರೆ ಎದ್ದಿರುತ್ತಿತ್ತು.

"ಇದೇನ್ರೀ, ಹೋಟೆಲ್ಲಲ್ಲಿ ಬಡಿಸ್ತೀರೋ, ಕಲ್ಲು ಒಡೀತೀರೋ?"

"ಸೆಕೆ ಕಣೇ. ನಿನ್ನ ಕೈ ಇರೋವಾಗ ನನಗೇನು ಚಿಂತೆ?"

ಆ ಮಾತಿಗೆ ಅವಳು ಉಬ್ಬಿಹೋಗಿದ್ದಳು. ಇಷ್ಟು ಸಲ ತೊಳೆದರೂ ಒಂದು ಎಳೆ ಬಿಟ್ಟಿಲ್ಲವೆಂದು ಶರ್ಟನ್ನು ಬೆಳಕಿಗೆ ಹಿಡಿದು ನೋಡಿ ಹಿಗ್ಗುತ್ತಿದ್ದಳು. ಕತ್ತು ಸಣ್ಣಗಾಗಿ ಕಾಲರು ಸಡಿಲವಾದದ್ದು ಕಣ್ಣಿಗೆ ಬಿದ್ದಿತ್ತು. ಗುಂಡಿಯನ್ನು ಒಂದಿಷ್ಟು ಆಚೆ ಹೊಲಿದುಕೊಟ್ಟಳು.

ಒಂದು ಮಧ್ಯಾಹ್ನ ಅವನು ತಟ್ಟೆಗಳ ಸಮೇತ ಕುಸಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕತ್ತಿನಲ್ಲಿ ಕೈಗೆ ಸಿಕ್ಕ ಗಂಟುಗಳನ್ನು ಒತ್ತಿ ನೋಡಿ, ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಅಂದರು.

"ಇಷ್ಟೊಂದು ಬೆವರೋದೂ ಈ ಕಾಯಿಲೆದೇ ಲಕ್ಷಣ. ಯಾವಾಗಿಂದಮ್ಮ?"

"ಏಳು ತಿಂಗಳಾಯ್ತು. ಮೊದ್ಲು ಕಂಕುಳು, ಆಮೇಲೆ ಕಾಲರು, ಆಮೇಲೆ ಬೆನ್ನು."

"ಇಷ್ಟು ಸರಿಯಾಗಿ ಗೊತ್ತಿದೆ. ಮತ್ತೆ ಮೊದ್ಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

"ನಾನು... ತೊಳೀತಿದ್ದೆ" ಎಂದಳು.

ಆರು ವಾರಕ್ಕೆ ಅವನು ತೀರಿಕೊಂಡ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಡಾಕ್ಟರಮ್ಮ ಹೇಳಲಿಲ್ಲ. ಕೇಳುವ ಧೈರ್ಯ ಇವಳಿಗೂ ಇರಲಿಲ್ಲ.

ಮತ್ತೆ ಕೆಲಸಕ್ಕೆ ಬಂದಳು. ಒಂದು ದಿನ ಗಿರಾಕಿಯೊಬ್ಬರು ಒಗೆಯಲು ಕೊಟ್ಟ ಶರ್ಟಿನ ಕಾಲರಿನಲ್ಲಿ ಹಳದಿ ಗೆರೆ ಕಂಡವಳೇ ಕೌಂಟರಿಗೆ ಓಡಿಬಂದಳು. "ಸಾರ್, ಇತ್ತೀಚೆಗೆ ಬೆವರು ಜಾಸ್ತಿನಾ? ಒಂದ್ಸಲ ಡಾಕ್ಟರ್ ಹತ್ರ..."

"ಬಟ್ಟೆ ಒಗೆಯೋಕೆ ಕೊಟ್ಟಿದ್ದೀನಿ, ನನ್ನ ಮೈ ನೋಡೋಕಲ್ಲ" ಎಂದು ಅವರು ಶರ್ಟು ಕಿತ್ತುಕೊಂಡು ಹೊರಟೇಹೋದರು.

ಮಾಲೀಕ ಬೈಯಲಿಲ್ಲ. "ಅಕ್ಕ, ಇನ್ಮೇಲೆ ನೀನು ಬೆಡ್‌ಶೀಟ್ ಕಡೆ ಇರು" ಎಂದಷ್ಟೇ ಹೇಳಿದ.

ಅವಳು ಈಗ ಬೆಡ್‌ಶೀಟು ಮಡಿಸುತ್ತಾಳೆ. ಶರ್ಟಿನ ಮೇಜಿನ ಕಡೆಯಿಂದ ಬ್ಲೀಚಿನ ವಾಸನೆ ಬರುತ್ತದೆ. ಅವಳು ತಲೆ ಎತ್ತದೆ ಮುಂದಿನ ಬೆಡ್‌ಶೀಟಿನ ಅಂಚು ಜೋಡಿಸುತ್ತಾಳೆ.