ಕಳ್ಳ ಮೊಹರಿನ ಸಂದು

ಶ್ರೀನಿವಾಸಪುರದಲ್ಲಿ ನಾನು ಹಿತ್ತಾಳೆ ಮೊಹರು ಕೊರೆಯುತ್ತಿದ್ದೆ. ಮೊದಮೊದಲು ಮಾವಿನ ಮಂಡಿಯ ಸಾಹುಕಾರರೊಬ್ಬರಿಗೆ ಮಾಡಿಕೊಟ್ಟ ಗುಂಡು ಮೊಹರಿನಲ್ಲಿ ಎಲ್ಲ ಅಕ್ಷರಗಳ ನಡುವೆಯೂ ಒಂದೇ ಅಳತೆಯ ಸಂದು ಬಿಟ್ಟಿದ್ದೆ. ಅಕ್ಷರಗಳ ಬುಡ ನಡುಬಿಂದುವಿನ ಕಡೆ ತಿರುಗಿದಾಗ ಒಳಗೆ ಜಾಗ ಕಿರಿದಾಗುತ್ತದೆ. ಒತ್ತಕ್ಷರಗಳು ಒಂದಕ್ಕೊಂದು ತಾಗಿಬಿಟ್ಟಿದ್ದವು. ಆಮೇಲೆ ಒತ್ತು ಇರುವ ಕಡೆ ಸಂದು ಹೆಚ್ಚಿಸುವುದನ್ನು ಕಲಿತೆ. ನನ್ನ ಜೊತೆ ಕೊರೆಯುತ್ತಿದ್ದ ಭಾವಮೈದುನನಿಗೆ, ಅವನೊಬ್ಬನಿಗೇ, ಅದನ್ನು ಕಲಿಸಿದೆ.

ಒಂದು ದಿನ ಸಾಹುಕಾರರು ಅರಗಿನ ಮೇಲಿನ ಎರಡು ಮುದ್ರೆ ತಂದಿಟ್ಟರು. "ಯಾರೋ ಹುಳುಕು ಹಣ್ಣಿನ ಬುಟ್ಟಿಗೆ ನನ್ನ ಮೊಹರು ಒತ್ತವ್ರೆ. ಇನ್ನೊಂದು ನೀನೇ ಕೊರೆದ್ಯೇನಯ್ಯಾ?"

ನೋಡಿದೆ. ಕಳ್ಳ ಮೊಹರು ಅಸಲಿಗಿಂತ ಚೆನ್ನಾಗಿತ್ತು. ಒತ್ತುಗಳು ಬಿಡಿಬಿಡಿಯಾಗಿ ನಿಂತಿದ್ದವು.

ಭಾವಮೈದುನನನ್ನು ಕರೆದು ಆ ಸಂದಿನ ಮೇಲೆ ಬೆರಳಿಟ್ಟೆ. "ಏನ್ಲಾ ಇದು?"

"ತಾಗಿಸಿ ಕೊರೆಯೋಕೆ ಕೈ ಬರ್ಲಿಲ್ಲ ಭಾವ," ಎಂದ, ತಲೆ ತಗ್ಗಿಸಿ. "ನೀವೇ ಅಲ್ವಾ ಕಲಿಸಿದ್ದು?"

ಅಸಲಿ ಮುದ್ರೆ ಪಕ್ಕದಲ್ಲಿದ್ದುದಕ್ಕೇ ಕಳ್ಳ ಕೈ ಯಾವುದೆಂದು ಗೊತ್ತಾಗಿ, ಸಾಹುಕಾರರ ಮುಂದೆ ನನ್ನ ಹೆಸರು ಉಳಿಯಿತು. ಈ ಕಸುಬಿನವರಿಗೆ ನನ್ನದೊಂದು ಮಾತು: ಕೊರೆದ ಪ್ರತಿ ಮೊಹರಿನ ಮುದ್ರೆಯನ್ನೂ ನಿಮ್ಮ ಬಳಿ ಇಟ್ಟುಕೊಳ್ಳಿ. ಅವನಷ್ಟು ಚೊಕ್ಕವಾಗಿ ಕೊರೆಯುವ ಕೈ ನನಗೆ ಮತ್ತೆ ಸಿಗಲಿಲ್ಲ. ಆದರೂ ಅವನನ್ನು ನನ್ನ ಉಳಿಯ ಹತ್ತಿರಕ್ಕೆ ಬಿಡಲಿಲ್ಲ.